ವಕ್ರರೇಖೆ ಹೊಂದಿತು, ಲೆಕ್ಕ ಹೊಂದಲಿಲ್ಲ

1978ರ ಆರಂಭದಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಒಂದು ವಸತಿ ಶಾಲೆಗೆ ಫ್ಲೂ ಹೊಕ್ಕಿತು. ಅಲ್ಲಿದ್ದವರು 763 ಹುಡುಗರು. ದಿನಕ್ಕೆ ಎಷ್ಟು ಮಂದಿ ಹಾಸಿಗೆಯಲ್ಲಿದ್ದರು ಎಂಬ ಲೆಕ್ಕ ಮುಂದೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ಮೂವರಿಂದ ಶುರುವಾದದ್ದು ವಾರದೊಳಗೆ 290ರ ಆಸುಪಾಸಿಗೆ ಏರಿ, ಎರಡು ವಾರದಲ್ಲಿ ಬಹುತೇಕ ಇಳಿದುಹೋಯಿತು.

ಈ ಏರಿಳಿತವನ್ನು ಹಿಡಿಯಲು ಎರಡು ಅವಕಲ ಸಮೀಕರಣಗಳು ಸಾಕು:

```
dS/dt = −βSI/N
dI/dt = βSI/N − γI
```

S ಎಂದರೆ ಇನ್ನೂ ಸೋಂಕು ತಗಲದವರು, I ಸೋಂಕಿತರು, N ಒಟ್ಟು 763. β ರೋಗ ಹರಡುವ ವೇಗ, γ ಗುಣವಾಗುವ ವೇಗ. ನಮಗೆ ಗೊತ್ತಿಲ್ಲದವು ಈ ಎರಡೇ.

ಮೊದಲು ಒಂದು ಊಹೆ ಬೇಕು. ಅದನ್ನು ಗಾಳಿಯಲ್ಲಿ ಹಾರಿಸಬೇಕಿಲ್ಲ. ಮೊದಲ ಎರಡು ದಿನದಲ್ಲಿ ರೋಗಿಗಳು ಹೆಚ್ಚುಕಡಿಮೆ ಒಂಬತ್ತು ಪಟ್ಟಾದರು, ಅಂದರೆ ದಿನಕ್ಕೆ ಮೂರು ಪಟ್ಟು. ಆದ್ದರಿಂದ β − γ ಸುಮಾರು 1.1 ಇರಬೇಕು. ಒಬ್ಬ ಎರಡು ದಿನ ರೋಗ ಹರಡುತ್ತಾನೆಂದುಕೊಂಡರೆ γ = 0.5, β = 1.6. ಕಾಲವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕಂಪ್ಯೂಟರು ಸಮೀಕರಣವನ್ನು ಬಿಡಿಸಿ, ಪ್ರತಿ ದಿನದ I ಎಷ್ಟೆಂದು ಕೊಡುತ್ತದೆ. ಅದನ್ನು ನಿಜವಾದ ಎಣಿಕೆಯಿಂದ ಕಳೆದು, ವ್ಯತ್ಯಾಸವನ್ನು ವರ್ಗ ಮಾಡಿ, ಎಲ್ಲ ದಿನಗಳದ್ದನ್ನೂ ಕೂಡಿಸಬೇಕು. ವರ್ಗ ಮಾಡದಿದ್ದರೆ ಹೆಚ್ಚಾದದ್ದೂ ಕಡಿಮೆಯಾದದ್ದೂ ಒಂದನ್ನೊಂದು ತಿಂದುಹಾಕುತ್ತವೆ. ಆಮೇಲೆ β, γಗಳನ್ನು ಚೂರುಚೂರೇ ಬದಲಿಸಿ, ಮತ್ತೆ ಬಿಡಿಸಿ, ಮೊತ್ತ ಇನ್ನು ಇಳಿಯದು ಎನ್ನುವವರೆಗೆ ಮುಂದುವರಿಯಬೇಕು. ಇದೇ ಕನಿಷ್ಠ ವರ್ಗ ವಿಧಾನ.

ಊಹೆ ತಪ್ಪಿದರೆ ಚಿತ್ರದಲ್ಲೇ ಕಾಣುತ್ತದೆ. β = 1.2 ಇಟ್ಟರೆ ಶಿಖರ 170ನ್ನೂ ಮುಟ್ಟುವುದಿಲ್ಲ, ಬರುವುದೂ ತಡವಾಗಿ. ಕೊನೆಗೆ β 1.66, γ 0.44ರ ಸುತ್ತ ಬಂದು ನಿಂತಾಗ ಶಿಖರ 290ರ ಹತ್ತಿರ ಕೂರುತ್ತದೆ, ರೇಖೆ ಚುಕ್ಕೆಗಳ ಮೇಲೇ ಹಾಯುತ್ತದೆ. ಹೊಸಬರು ಇಲ್ಲಿಗೆ ಕೆಲಸ ಮುಗಿಸಿಬಿಡುತ್ತಾರೆ.

ಆದರೆ ಇದೇ β, γ ಪ್ರಕಾರ ಸುಮಾರು 740 ಹುಡುಗರಿಗೆ ಸೋಂಕು ತಗಲಬೇಕಿತ್ತು. ವರದಿಯ ಪ್ರಕಾರ ಕಾಯಿಲೆ ಬಿದ್ದವರು 512. ಹಾಗಿದ್ದೂ ರೇಖೆ ಹೊಂದಿದ್ದು ಹೇಗೆ? ದಿನದಿನದ ಎಣಿಕೆಗಳನ್ನೆಲ್ಲ ಕೂಡಿದರೆ ಸುಮಾರು 1,550 ಆಗುತ್ತದೆ, ಅಂದರೆ ತಲಾ ಮೂರು ದಿನದ ಹಾಸಿಗೆವಾಸ. ಮಾದರಿ ರೋಗಿಗಳ ಸಂಖ್ಯೆಯನ್ನು ಹಿಗ್ಗಿಸಿ, ಪ್ರತಿಯೊಬ್ಬನ ಕಾಯಿಲೆಯನ್ನು ಎರಡು ದಿನ ಚಿಲ್ಲರೆಗೆ ಕುಗ್ಗಿಸಿ, ಹೆಚ್ಚುಕಡಿಮೆ ಅದೇ ಮೊತ್ತಕ್ಕೆ ಬಂದಿದೆ. ವರ್ಗಗಳ ಮೊತ್ತಕ್ಕೆ ಈ ಅದಲುಬದಲು ಕಾಣುವುದೇ ಇಲ್ಲ.

ಹಾಸಿಗೆಯಲ್ಲಿರುವವನೂ ಸೋಂಕು ಹರಡುವವನೂ ಒಬ್ಬನೇ ಎಂದು ನಾವು ಮೊದಲೇ ಒಪ್ಪಿಕೊಂಡದ್ದೂ ಈ ಗೊಂದಲಕ್ಕೆ ಕಾರಣವಿರಬಹುದು. ಹಾಸಿಗೆ ಸೇರಿದ ಹುಡುಗ ಉಳಿದವರಿಂದ ದೂರವಾಗುತ್ತಾನಲ್ಲ! ಹಾಸಿಗೆ ಹಿಡಿದವರಿಗೆ ಬೇರೆಯೇ ಒಂದು ಸಮೀಕರಣ ಬರೆದು, 512ನ್ನೂ ಹೊಂದಿಸಬೇಕಾದ ಅಂಕಿಗಳಲ್ಲಿ ಸೇರಿಸಿದರೆ γ ಬೇರೆ ಬೆಲೆಗೆ ಸರಿಯುತ್ತದೆ.