ಬಸ್‌ನಲ್ಲಿ ಸೌಂಡ್ ಇಲ್ದೆ ನೋಡೋ ವಿಡಿಯೊ: ‘ಇಲ್ಲ’ ಅನ್ನೋ ಪದ ಮುಂದಿನ ಕಾರ್ಡ್‌ಗೆ ಹೋದ್ರೆ ಏನಾಗುತ್ತೆ?

ಶಿವಮೊಗ್ಗ: ಬೆಳಗ್ಗೆ ಸಾಗರದ ಬಸ್‌ನಲ್ಲಿ ನಿಲ್ಲೋಕೆ ಜಾಗ ಸಿಕ್ಕರೆ ಅದೇ ಹೆಚ್ಚು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಬೈಲ್. ಇಯರ್‌ಫೋನ್ ಬ್ಯಾಗಿನ ತಳದಲ್ಲಿರುತ್ತೆ. ಸ್ಪೀಕರ್ ಆನ್ ಮಾಡಿ ವಿಡಿಯೊ ನೋಡೋದನ್ನು ಕೆಎಸ್‌ಆರ್‌ಟಿಸಿ 2021ರಲ್ಲೇ ನಿಷೇಧಿಸಿದೆ. ಹಾಗಾಗಿ ಬರೀ ಅಕ್ಷರದ ಕಾರ್ಡ್‌ಗಳು ಒಂದಾದ ಮೇಲೊಂದು ಬರುವ ವಿಡಿಯೊಗಳೇ ಇವರಿಗೆ ಸುದ್ದಿ.

ಆದರೆ ಕಾರ್ಡ್ ಒಡೆಯುವ ಜಾಗ ತಪ್ಪಿದರೆ ಸುದ್ದಿಯೇ ಉಲ್ಟಾ ಆಗುತ್ತೆ. ಕನ್ನಡದಲ್ಲಿ ‘ಇಲ್ಲ’ ಬರೋದು ವಾಕ್ಯದ ಕೊನೆಗೆ.

ಮಳೆ ರಜೆಯನ್ನೇ ತಗೊಳ್ಳಿ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕಿನ ಅಂಗನವಾಡಿ ಮತ್ತು ಶಾಲೆಗಳಿಗೆ ಮಾತ್ರ ರಜೆ ಕೊಟ್ಟಿದ್ದಾರೆ ಅಂದ್ಕೊಳ್ಳಿ. ಒಂದು ಕಾರ್ಡ್‌ನಲ್ಲಿ ‘ಪದವಿ ಕಾಲೇಜುಗಳಿಗೆ ರಜೆ’ ಅಂತಿದೆ, ಮುಂದಿನದ್ರಲ್ಲಿ ‘ಅನ್ವಯಿಸುವುದಿಲ್ಲ’. ಮೊದಲನೇದನ್ನು ಓದಿದ ಹುಡುಗಿ ಟಿಕೆಟ್‌ಗೆ ಆಧಾರ್ ತೋರಿಸೋಕೆ ತಲೆ ಎತ್ತುತ್ತಾಳೆ. ಎರಡನೇದು ಹೋಗಿಬಿಡುತ್ತೆ. ಅವತ್ತು ಇಂಟರ್ನಲ್ಸ್ ಇದ್ದರೆ ಮುಗೀತು.

ಇದನ್ನೇ ಹೀಗೆ ಒಡೆಯಬಹುದು. ಮೊದಲ ಕಾರ್ಡ್: ‘ರಜೆ 3 ತಾಲ್ಲೂಕಿನ ಶಾಲೆಗಳಿಗೆ ಮಾತ್ರ’. ಎರಡನೇದು: ಮೂರು ತಾಲ್ಲೂಕಿನ ಹೆಸರು, ಸಾಲಿಗೊಂದು. ಮೂರನೇದು: ‘ಅಂಗನವಾಡಿ, ಪ್ರಾಥಮಿಕ, ಪ್ರೌಢಶಾಲೆ’. ನಾಲ್ಕನೇದು: ‘ಪದವಿ ಕಾಲೇಜು ಇದೆ’. ಗಮನಿಸಿ, ‘ರಜೆ ಇಲ್ಲ’ ಅಲ್ಲ, ‘ಕಾಲೇಜು ಇದೆ’. ಅರ್ಧ ಓದಿದರೂ ತಪ್ಪಾಗಲ್ಲ. ಪ್ರತಿ ಕಾರ್ಡ್‌ನ ಮೇಲೆ ತಾರೀಕು ಇರಲೇಬೇಕು. ‘ನಾಳೆ’ ಅಂತ ಹಾಕಿದ ವಿಡಿಯೊ ಮಾರನೇ ದಿನವೂ ವಾಟ್ಸಾಪ್‌ನಲ್ಲಿ ಓಡಾಡ್ತಿರುತ್ತೆ!

ಒಂದು ಕಾರ್ಡ್ ಎಷ್ಟು ಹೊತ್ತು ನಿಲ್ಲಬೇಕು? ಅದನ್ನು ಮೆಲ್ಲಗೆ, ಬಾಯಿಬಿಟ್ಟು ಓದಿ, ಮೊಬೈಲ್‌ನ ಸ್ಟಾಪ್‌ವಾಚ್‌ನಲ್ಲಿ ನೋಡಿ, ಒಂದು ಸೆಕೆಂಡ್ ಸೇರಿಸಿ. ಮೇಲಿನ ಮೊದಲ ಕಾರ್ಡ್‌ಗೆ ಸುಮಾರು 4 ಸೆಕೆಂಡ್ ಆಗುತ್ತೆ. ತಾಲ್ಲೂಕಿನ ಹೆಸರಿಗೆ 5 ಕೊಡಿ, ಯಾಕಂದ್ರೆ ಓದುವವರು ತಮ್ಮ ಊರು ಇದೆಯಾ ಅಂತ ಇನ್ನೊಮ್ಮೆ ನೋಡ್ತಾರೆ. ಎಡಿಟ್ ಮಾಡೋರು ಎಡವೋದು ಇಲ್ಲೇ. ವಾಕ್ಯ ಬರೆದವರೇ ಅವರಾದ್ದರಿಂದ 2 ಸೆಕೆಂಡೇ ಸಾಕು ಅನಿಸುತ್ತೆ.

ಅಕ್ಷರ ಪರದೆಯ ನಡುವೆ ಇರಲಿ. ರೀಲ್ಸ್, ಶಾರ್ಟ್ಸ್‌ಗಳಲ್ಲಿ ಕೆಳಗಡೆ ಹೆಸರು, ಕ್ಯಾಪ್ಷನ್ ಬಂದು ಕೂರುತ್ತೆ, ಬಲಗಡೆ ಲೈಕ್ ಬಟನ್. ಸಾಲುಗಳ ನಡುವೆ ಜಾಗ ಕಡಿಮೆ ಆದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗಿ ‘ತೀರ್ಥಹಳ್ಳಿ’ಯಂಥ ಹೆಸರು ಕಲಸಿ ಹೋಗುತ್ತೆ.

ಹಾಕೋ ಮುಂಚೆ ಸುದ್ದಿ ಗೊತ್ತಿಲ್ಲದ ಒಬ್ಬರಿಗೆ ಮೊಬೈಲ್ ಕೊಟ್ಟು, ಸೌಂಡ್ ಆಫ್ ಮಾಡಿ, ನಡೀತಾ ಒಂದೇ ಸಲ ನೋಡೋಕೆ ಹೇಳಿ. ಆಮೇಲೆ ಕೇಳಿ: ‘ಕಾಲೇಜ್ ಇದ್ಯಾ, ಇಲ್ವಾ?’