ಫ್ಲಾಟು ಅಕ್ಕನ ಮಗಳಿಗೆ, ಉಳಿತಾಯ ಟ್ರಸ್ಟಿಗೆ

ಬೆಂಗಳೂರಿನ ಒಬ್ಬ ನಿವೃತ್ತ ಶಿಕ್ಷಕಿ ಎಂದುಕೊಳ್ಳಿ. ಮದುವೆಯಾಗಿಲ್ಲ, ತಂದೆತಾಯಿ ಇಲ್ಲ; ಅಕ್ಕ, ತಮ್ಮ ಇದ್ದಾರೆ. ಫ್ಲಾಟು ಅಕ್ಕನ ಮಗಳಿಗೆ, ಉಳಿತಾಯ ಒಂದು ಟ್ರಸ್ಟಿಗೆ ಸೇರಬೇಕೆಂಬುದು ಅವರ ಆಸೆ. ಉಯಿಲು ಬರೆಯದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ಸ್ವಂತ ಆಸ್ತಿ ಅಕ್ಕ, ತಮ್ಮನಿಗೆ ಹೋಗುತ್ತದೆ. ಅಕ್ಕ ಇರುವಾಗ ಅಕ್ಕನ ಮಗಳಿಗೆ ಪಾಲಿಲ್ಲ.

ಉಯಿಲಿನಲ್ಲಿ ಫ್ಲಾಟು ಬರೆಯುವುದು ಸುಲಭ. ತೊಡಕಿರುವುದು ಉಳಿತಾಯದಲ್ಲಿ. ಬರೀ ಠೇವಣಿ ಸಂಖ್ಯೆ ಬರೆದರೆ, ನವೀಕರಣವಾದಾಗ ಅದು ಬದಲಾಗಬಹುದು. “ನಾನು ತೀರಿಕೊಂಡಾಗ ನನ್ನ ಎಲ್ಲ ಖಾತೆ, ಠೇವಣಿಗಳಲ್ಲಿರುವ ಹಣ” ಎಂದು ಬರೆದು, ಟ್ರಸ್ಟಿನ ನೋಂದಾಯಿತ ಹೆಸರು, ಪ್ಯಾನ್ ಸೇರಿಸಬೇಕು.

ಖಾತೆಗೆ ತಮ್ಮನೇ ನಾಮಿನಿಯಾಗಿದ್ದರೆ ಬ್ಯಾಂಕು ಸಾಮಾನ್ಯವಾಗಿ ಅವನ ಕೈಗೇ ಹಣ ಕೊಡುತ್ತದೆ. ಅವನು ಅದರ ಒಡೆಯನಲ್ಲ, ಟ್ರಸ್ಟಿಗೆ ತಲುಪಿಸಬೇಕಾದವನು. ತಲುಪಿಸದಿದ್ದರೆ ಕೋರ್ಟೇ ಗತಿ.

ಸಹಿಗೆ ಇಬ್ಬರು ಸಾಕ್ಷಿಗಳು ಬೇಕು. ಅಕ್ಕನ ಮಗಳನ್ನು ಸಾಕ್ಷಿ ಮಾಡದಿರುವುದೇ ಕ್ಷೇಮ. ಉಯಿಲು ಬರೆಯುವ ಮೊದಲು ಪಾಸ್‌ಬುಕ್ ತೆಗೆದು ನಾಮಿನಿ ಯಾರೆಂದು ನೋಡಿ.