ಒಂದೇ ಅಂಕಿ, ಎರಡು ಭೂಪಟ

ರಾಜ್ಯದ ಭೂಪಟದಲ್ಲಿ ಒಂದೊಂದು ಜಿಲ್ಲೆಗೂ ಒಂದೊಂದು ಬಣ್ಣ ತುಂಬಿ, ಸಾಕ್ಷರತೆಯನ್ನೋ ಮಳೆಯನ್ನೋ ಮತದಾನವನ್ನೋ ತೋರಿಸುವುದನ್ನು ಪತ್ರಿಕೆಗಳಲ್ಲಿ ನಾವೆಲ್ಲ ನೋಡಿದ್ದೇವೆ. ಇಂಥ ಭೂಪಟಕ್ಕೆ ಕೊರೊಪ್ಲೆತ್ ಎಂದು ಹೆಸರು. ಈ ಬಗೆಯ ಮೊದಲ ಭೂಪಟವನ್ನು 1826ರಲ್ಲಿ ಫ್ರಾನ್ಸಿನ ಶಾರ್ಲ್ ದ್ಯುಪ್ಯಾಂ ಮಾಡಿದ. ಅವನು ತೋರಿಸಿದ್ದೂ ಅಕ್ಷರದ ಲೆಕ್ಕವನ್ನೇ: ಯಾವ ಪ್ರಾಂತ್ಯದಲ್ಲಿ ಎಷ್ಟು ಮಕ್ಕಳು ಶಾಲೆಗೆ ಹೋಗುತ್ತಾರೆ ಎಂಬುದನ್ನು. ಶಾಲೆ ಕಡಿಮೆಯಿದ್ದ ಪ್ರಾಂತ್ಯ ಅವನ ಹಾಳೆಯಲ್ಲಿ ಕಪ್ಪಾಗಿ ಕಾಣುತ್ತಿತ್ತು.

ಬಣ್ಣ ತುಂಬುವ ಮುಂಚೆ ಒಂದು ಕೆಲಸ ಇರುತ್ತದೆ, ಅದು ಓದುಗರ ಕಣ್ಣಿಗೆ ಬೀಳುವುದೇ ಇಲ್ಲ. ಮೂವತ್ತು ಜಿಲ್ಲೆಗಳಿಗೆ ಮೂವತ್ತು ಛಾಯೆ ಕೊಟ್ಟರೆ ಕಣ್ಣು ಅವನ್ನು ಬೇರೆ ಬೇರೆಯಾಗಿ ಗುರುತಿಸಲಾರದು. ಆದ್ದರಿಂದ ಅಂಕಿಗಳನ್ನು ನಾಲ್ಕೋ ಐದೋ ಗುಂಪು ಮಾಡಿ, ಗುಂಪಿಗೊಂದು ಛಾಯೆ ಕೊಡುತ್ತಾರೆ. ಒಂದು ಗುಂಪು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗಬೇಕು? ಆ ಗೆರೆ ಎಳೆಯುವವನ ಕೈಯಲ್ಲಿ ಭೂಪಟದ ಕಥೆ ಇರುತ್ತದೆ. ಅಂಕಿ ಒಂದನ್ನೂ ತಿದ್ದದೆ, ಗೆರೆಯನ್ನಷ್ಟೇ ಸರಿಸಿ ಕಥೆಯನ್ನು ಬದಲಿಸಬಹುದು. ಅದು ಹೇಗೆಂಬುದನ್ನು ನಮ್ಮದೇ ರಾಜ್ಯದ ಅಂಕಿಗಳಲ್ಲಿ ನೋಡೋಣ.

2011ರ ಜನಗಣತಿಯ ಹೊತ್ತಿಗೆ ಕರ್ನಾಟಕದಲ್ಲಿ 30 ಜಿಲ್ಲೆಗಳಿದ್ದವು. ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ನೂರಕ್ಕೆ ಎಷ್ಟು ಮಂದಿಗೆ ಓದು ಬರಹ ಬರುತ್ತದೆ ಎಂಬುದು ಸಾಕ್ಷರತೆಯ ಪ್ರಮಾಣ. ರಾಜ್ಯಕ್ಕೆ ಅದು 75.36 ಇತ್ತು. ಎಲ್ಲರಿಗಿಂತ ಮೇಲೆ ದಕ್ಷಿಣ ಕನ್ನಡ, 88.57. ಎಲ್ಲರಿಗಿಂತ ಕೆಳಗೆ ಯಾದಗಿರಿ, 51.83. ಕಡಿಮೆ ಇದ್ದಲ್ಲಿ ತೆಳು ಬಣ್ಣ, ಹೆಚ್ಚಿದ್ದಲ್ಲಿ ಗಾಢ ಬಣ್ಣ, ಒಟ್ಟು ಐದು ಛಾಯೆ ಎಂದಿಟ್ಟುಕೊಳ್ಳಿ.

ಮೊದಲ ದಾರಿ ಸಮ ಅಂತರದ್ದು, ಈಕ್ವಲ್ ಇಂಟರ್ವಲ್. ದಕ್ಷಿಣ ಕನ್ನಡಕ್ಕೂ ಯಾದಗಿರಿಗೂ ಇರುವ ಅಂತರ 36.74. ಅದನ್ನು ಐದರಿಂದ ಭಾಗಿಸಿದರೆ ಸುಮಾರು 7.35. ತಳದ ಅಂಕಿಯಿಂದ ಶುರುಮಾಡಿ 7.35ರ ಹೆಜ್ಜೆ ಹಾಕುತ್ತ ಹೋದರೆ 59.18, 66.53, 73.87, 81.22ರಲ್ಲಿ ಗೆರೆಗಳು ಬೀಳುತ್ತವೆ. ಒಂದೊಂದು ಹೆಜ್ಜೆಯಲ್ಲಿ ಎಷ್ಟು ಜಿಲ್ಲೆ ಸಿಕ್ಕವು ಎಂಬುದರ ಗೊಡವೆ ಈ ಲೆಕ್ಕಕ್ಕಿಲ್ಲ. ಎಣಿಸಿ ನೋಡಿದರೆ ಅತಿ ತೆಳು ಬಣ್ಣಕ್ಕೆ ಸಿಗುವುದು ಯಾದಗಿರಿ ಒಂದೇ. ಮುಂದಿನ ಛಾಯೆಗೆ ರಾಯಚೂರು, ಚಾಮರಾಜನಗರ, ಕಲಬುರಗಿ ಮೂರು. ನಡುವಿನ ಛಾಯೆಗೆ ಹನ್ನೊಂದು, ಅದರ ಮೇಲಿನದಕ್ಕೆ ಹತ್ತು. ಕೊನೆಯ ಗಾಢ ಬಣ್ಣಕ್ಕೆ ಕೊಡಗು, ಉತ್ತರ ಕನ್ನಡ, ಉಡುಪಿ, ಬೆಂಗಳೂರು ನಗರ, ದಕ್ಷಿಣ ಕನ್ನಡ ಐದು.

ಈ ಭೂಪಟ ಏನು ಹೇಳುತ್ತದೆ? ರಾಜ್ಯದ ಬಹುಪಾಲು ಜಿಲ್ಲೆಗಳು ನಡುಮಟ್ಟದಲ್ಲಿವೆ, ಬಳ್ಳಾರಿ, ವಿಜಯಪುರಗಳು ಮೈಸೂರು, ಬೆಳಗಾವಿಗಳ ಜೊತೆ ಒಂದೇ ಬಣ್ಣದಲ್ಲಿ ನಿಂತಿವೆ, ಯಾದಗಿರಿಯೊಂದು ಮಾತ್ರ ಎಲ್ಲರಿಂದ ದೂರ ಉಳಿದಿದೆ ಎಂದು.

ಎರಡನೆಯ ದಾರಿ ಕ್ವಾಂಟೈಲ್. ಇಲ್ಲಿ ಅಂಕಿಗಳ ಅಂತರ ಮುಖ್ಯವಲ್ಲ, ಸಾಲು ಮುಖ್ಯ. ಜಿಲ್ಲೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ, ಆರಾರು ಎಣಿಸಿ ಗೆರೆ ಎಳೆಯುವುದು. ಮೂವತ್ತು ಜಿಲ್ಲೆ, ಐದು ಗುಂಪು, ಗುಂಪಿಗೆ ಆರು. ಈಗ ಅತಿ ತೆಳು ಬಣ್ಣ ಯಾದಗಿರಿ, ರಾಯಚೂರು, ಚಾಮರಾಜನಗರ, ಕಲಬುರಗಿ, ವಿಜಯಪುರ, ಬಳ್ಳಾರಿಗಳಿಗೆ ಬರುತ್ತದೆ. ಚಾಮರಾಜನಗರವನ್ನು ಬಿಟ್ಟರೆ ಉಳಿದ ಐದೂ ಒಂದಕ್ಕೊಂದು ಅಂಟಿಕೊಂಡ ಜಿಲ್ಲೆಗಳು. ಹಾಗಾಗಿ ವಿಜಯಪುರದಿಂದ ಬಳ್ಳಾರಿವರೆಗೆ ತೆಳು ಬಣ್ಣದ ಒಂದು ದೊಡ್ಡ ಪಟ್ಟಿ ಎದ್ದು ಕಾಣುತ್ತದೆ. ಮೊದಲ ಭೂಪಟದಲ್ಲಿ ಒಂದು ಜಿಲ್ಲೆಯ ಕಥೆಯಾಗಿದ್ದದ್ದು ಇಲ್ಲಿ ಒಂದು ಸೀಮೆಯ ಕಥೆಯಾಯಿತು. ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಮೊದಲನೆಯದನ್ನು ನೋಡಿದರೆ ಯಾದಗಿರಿಗೆ ವಿಶೇಷ ಯೋಜನೆ ಬೇಕೆನ್ನುತ್ತಾರೆ. ಎರಡನೆಯದನ್ನು ನೋಡಿದರೆ ಈಶಾನ್ಯ ಭಾಗಕ್ಕೆಲ್ಲ ಒಂದೇ ಯೋಜನೆ ಸಾಕೆನ್ನುತ್ತಾರೆ.

ಎರಡರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಎರಡೂ ಕೆಲವನ್ನು ಮುಚ್ಚಿಡುತ್ತವೆ, ಮುಚ್ಚಿಡುವ ಜಾಗ ಮಾತ್ರ ಬೇರೆ. ಕ್ವಾಂಟೈಲ್ ಭೂಪಟದ ಗೆರೆಗಳ ಹತ್ತಿರ ಹೋಗಿ ನೋಡಿ. ಬಳ್ಳಾರಿಯ ಸಾಕ್ಷರತೆ 67.43, ಅದರ ಪಕ್ಕದ ಕೊಪ್ಪಳದ್ದು 68.09. ವ್ಯತ್ಯಾಸ ನೂರಕ್ಕೆ ಒಬ್ಬನೂ ಇಲ್ಲ, ಆದರೂ ಇಬ್ಬರಿಗೂ ಬೇರೆ ಬೇರೆ ಬಣ್ಣ. ಅತ್ತ ಬಳ್ಳಾರಿಗೂ ಯಾದಗಿರಿಗೂ ಹದಿನೈದೂವರೆ ಅಂಶಕ್ಕೂ ಹೆಚ್ಚಿನ ಅಂತರವಿದೆ, ಇಬ್ಬರಿಗೂ ಒಂದೇ ಬಣ್ಣ. ಮೇಲಿನ ತುದಿಯಲ್ಲೂ ಇದೇ ಕತೆ. 80.00 ಇರುವ ಧಾರವಾಡ ಒಂದು ಛಾಯೆ ಕೆಳಗೆ ನಿಲ್ಲುತ್ತದೆ, 80.45 ಇರುವ ಶಿವಮೊಗ್ಗ ದಕ್ಷಿಣ ಕನ್ನಡದ ಸಾಲಿಗೆ ಸೇರುತ್ತದೆ. ಆರರ ಲೆಕ್ಕ ತುಂಬಬೇಕಲ್ಲ, ಅದಕ್ಕೆ.

ಹಾಗೆಂದು ಸಮ ಅಂತರಕ್ಕೆ ಈ ದೋಷ ಇಲ್ಲವೆಂದಲ್ಲ. ಅಲ್ಲಿ ಮೊದಲ ಗೆರೆ ಬಿದ್ದದ್ದು 59.18ಕ್ಕೆ, ರಾಯಚೂರಿನ ಅಂಕಿ 59.56. ಯಾದಗಿರಿ ಒಂಟಿಯಾಗಿ ಕಾಣಲು ಅರ್ಧ ಅಂಶಕ್ಕಿಂತ ಕಡಿಮೆಯ ಈ ಅಂತರವೂ ಕಾರಣ. ಐದರ ಬದಲು ನಾಲ್ಕು ಗುಂಪು ಮಾಡಿದರೆ ಮೊದಲ ಗೆರೆ 61ರ ಹತ್ತಿರಕ್ಕೆ ಸರಿದು ರಾಯಚೂರು ಕೂಡ ಯಾದಗಿರಿಯ ಜೊತೆಗೆ ಬರುತ್ತದೆ. ಅದಕ್ಕೇ ಭೂಪಟ ಮಾಡುವವರು ಒಂದೇ ಸಲಕ್ಕೆ ನಿಲ್ಲದೆ ನಾಲ್ಕು, ಐದು, ಆರು ಗುಂಪುಗಳಲ್ಲಿ ಇಟ್ಟು ನೋಡಬೇಕು. ಪ್ರತಿ ಸಲವೂ ಜಾಗ ಬದಲಿಸುವ ಜಿಲ್ಲೆಯ ಬಗ್ಗೆ ಭೂಪಟ ಹೇಳುವ ಮಾತನ್ನು ಅಷ್ಟಾಗಿ ನಂಬಬಾರದು. ಯಾದಗಿರಿ ಎಷ್ಟು ಗುಂಪು ಮಾಡಿದರೂ ತಳದಲ್ಲೇ ಇರುತ್ತದೆ, ರಾಯಚೂರು ಆಚೀಚೆ ಹೋಗುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಯಲ್ಲಿ, ಅಲ್ಲಿಯವರೆಗೆ ಅದು ಗುಲ್ಬರ್ಗದ ಭಾಗ. ಹಳೆಯ ಗಡಿಯೇ ಉಳಿದಿದ್ದರೆ ಈ 51.83 ಯಾವ ಭೂಪಟದಲ್ಲೂ ಕಾಣುತ್ತಿರಲಿಲ್ಲ, ಗುಲ್ಬರ್ಗದ ಸರಾಸರಿಯಲ್ಲಿ ಕರಗಿಹೋಗುತ್ತಿತ್ತು. ಗುಂಪಿನ ಗೆರೆಗಿಂತ ಮೊದಲೇ ಜಿಲ್ಲೆಯ ಗೆರೆಯೂ ಕಥೆಯಲ್ಲಿ ಕೈಯಾಡಿಸಿರುತ್ತದೆ.

ಸಾಕ್ಷರತೆಯ ಅಂಕಿಗಳು ಒಂದರ ಪಕ್ಕ ಒಂದು ಸಾಲಾಗಿ ಕೂತಿರುವಂಥವು, ಆದ್ದರಿಂದ ಎರಡು ಭೂಪಟಗಳ ಜಗಳ ಒಂದು ಮಿತಿಯೊಳಗಿದೆ. ಜನಸಾಂದ್ರತೆಗೆ ಬಂದರೆ ಜಗಳ ತಾರಕಕ್ಕೇರುತ್ತದೆ. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 4,381 ಜನ. ಕೊಡಗಿನಲ್ಲಿ 135. ಬೆಂಗಳೂರು ಬಿಟ್ಟರೆ ಉಳಿದ ಯಾವ ಜಿಲ್ಲೆಯೂ 500 ದಾಟಿರಲಿಲ್ಲ. ಇದಕ್ಕೆ ಸಮ ಅಂತರದ ಐದು ಗುಂಪು ಮಾಡಿದರೆ ಒಂದೊಂದು ಹೆಜ್ಜೆ ಸುಮಾರು 850. ಮೊದಲ ಹೆಜ್ಜೆಯಲ್ಲೇ 29 ಜಿಲ್ಲೆಗಳೂ ಮುಗಿದುಹೋಗುತ್ತವೆ, ನಡುವಿನ ಮೂರು ಗುಂಪು ಖಾಲಿ, ಕೊನೆಯದರಲ್ಲಿ ಬೆಂಗಳೂರು ಒಂದೇ. ತೆಳು ಬಣ್ಣದ ರಾಜ್ಯದಲ್ಲಿ ಒಂದು ಗಾಢ ಚುಕ್ಕೆ. ಬೆಂಗಳೂರು ಎಷ್ಟು ಬೇರೆ ಎಂದು ತಿಳಿಯಬೇಕಾದರೆ ಇದಕ್ಕಿಂತ ಪ್ರಾಮಾಣಿಕ ಚಿತ್ರ ಇಲ್ಲ. ಕೊಡಗಿಗೂ ಮೈಸೂರಿಗೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ಮಾತ್ರ ಅದರಿಂದ ಏನೂ ಸಿಗದು. ಕ್ವಾಂಟೈಲ್ ಮಾಡಿದರೆ ಆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಆದರೆ ಅಲ್ಲಿ 400 ಕೂಡ ಮುಟ್ಟದ ಕೋಲಾರ, ಬೆಂಗಳೂರಿನ ಬಣ್ಣವನ್ನೇ ಹೊದ್ದು ನಿಲ್ಲುತ್ತದೆ. ಹನ್ನೊಂದು ಪಟ್ಟಿನ ಅಂತರವನ್ನು ಒಂದು ಬಣ್ಣ ನುಂಗಿಬಿಡುತ್ತದೆ.

ಓದುಗರು ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಭೂಪಟದ ಮೂಲೆಯಲ್ಲಿ ಬಣ್ಣಕ್ಕೆ ಅಂಕಿ ಬರೆದ ಸೂಚಿ ಇರುತ್ತದೆ, ಮೊದಲು ಅದನ್ನು ಓದಬೇಕು. ನಮ್ಮ ಕ್ವಾಂಟೈಲ್ ಭೂಪಟದ ಸೂಚಿಯಲ್ಲಿ ಮೊದಲ ಗುಂಪು 51.83ರಿಂದ 67.43ರವರೆಗೆ, ಎರಡನೆಯದು 68.09ರಿಂದ 70.51ರವರೆಗೆ. ಒಂದರ ಅಗಲ ಹದಿನೈದೂವರೆ, ಇನ್ನೊಂದರದ್ದು ಎರಡೂವರೆಯೂ ಇಲ್ಲ. ಗುಂಪುಗಳ ಅಗಲ ಹೀಗೆ ಏರುಪೇರಾಗಿದ್ದು, ಪ್ರತಿ ಬಣ್ಣದಲ್ಲೂ ಜಿಲ್ಲೆಗಳು ಹೆಚ್ಚುಕಡಿಮೆ ಅಷ್ಟಷ್ಟೇ ಇದ್ದರೆ ಅದು ಕ್ವಾಂಟೈಲ್. ಅಲ್ಲಿ ಅತಿ ಅಗಲದ ಗುಂಪು ಯಾವುದೋ, ಅದರೊಳಗೆ ಏನೋ ಅಡಗಿದೆ ಎಂದೇ ಅರ್ಥ. ಅಗಲ ಸಮವಾಗಿದ್ದು ಕೆಲವು ಬಣ್ಣಗಳು ಕಾಣುವುದೇ ಇಲ್ಲವೆಂದರೆ ಅದು ಸಮ ಅಂತರ. ಕ್ವಾಂಟೈಲಿನ ಐದನೆಯ ಒಂದು ಭಾಗ ಜಿಲ್ಲೆಗಳ ಲೆಕ್ಕವೇ ಹೊರತು ಜನರ ಲೆಕ್ಕವಲ್ಲ ಎಂಬುದೂ ನೆನಪಿರಲಿ. 96 ಲಕ್ಷ ಜನರ ಬೆಂಗಳೂರು ನಗರವೂ ಒಂದು, ಐದೂವರೆ ಲಕ್ಷದ ಕೊಡಗೂ ಒಂದು.

ಭೂಪಟ ಮಾಡುವವರಿಗಾದರೆ ಉಚಿತವಾಗಿ ಸಿಗುವ QGIS ತಂತ್ರಾಂಶದಲ್ಲಿ Graduated ಎಂಬಲ್ಲಿ Mode ಪಟ್ಟಿ ತೆರೆದರೆ Equal Count (Quantile), Equal Interval ಎರಡೂ ಇವೆ. ಒಂದು ಒತ್ತಿನಲ್ಲಿ ಬದಲಾಗುತ್ತದೆ. ಆ ಸಲೀಸೇ ಅಪಾಯ: ತಂತ್ರಾಂಶ ಮೊದಲು ಕೊಟ್ಟದ್ದನ್ನೇ ಹಲವರು ಅಚ್ಚಿಗೆ ಕಳಿಸುತ್ತಾರೆ. ನನ್ನ ಮಟ್ಟಿಗೆ, ಸಾಕ್ಷರತೆಯಂಥ ಶೇಕಡಾ ಅಂಕಿಗೆ ದುಂಡು ಗೆರೆಗಳೇ ಮೇಲು: 60, 70, 80. ಅದೂ ಸಮ ಅಂತರವೇ, ಆದರೆ ಓದುಗರು ತಲೆಯಲ್ಲಿ ಇಟ್ಟುಕೊಳ್ಳಬಲ್ಲ ಸಮ ಅಂತರ. ಹೀಗೆ ಮಾಡಿದರೆ 60ಕ್ಕಿಂತ ಕೆಳಗೆ ಯಾದಗಿರಿ, ರಾಯಚೂರು ಎರಡು, 60ರಿಂದ 70ರೊಳಗೆ ಎಂಟು, 70ರಿಂದ 80ರೊಳಗೆ ಹದಿಮೂರು, ಅದರ ಮೇಲೆ ಏಳು. ಆದರೆ ಸೂಚಿಯಲ್ಲಿ 70–80, 80–90 ಎಂದು ಬರೆದುಬಿಟ್ಟರೆ ಸರಿಯಾಗಿ 80.00 ಇರುವ ಧಾರವಾಡ ಯಾವ ಬಣ್ಣಕ್ಕೆ ಸೇರಬೇಕು? '80 ಮತ್ತು ಮೇಲ್ಪಟ್ಟು' ಎಂದು ಬಿಡಿಸಿ ಬರೆಯಬೇಕು.

ದುಂಡು ಗೆರೆಗಳನ್ನು ನಾನು ಒಪ್ಪುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಕಾಲದ ಹೋಲಿಕೆ. 2001ರಲ್ಲಿ ರಾಜ್ಯದ ಸಾಕ್ಷರತೆ 66.64 ಇತ್ತು, ಹತ್ತು ವರ್ಷದಲ್ಲಿ 75.36ಕ್ಕೆ ಏರಿತು. ಎರಡೂ ಜನಗಣತಿಗೆ ಪ್ರತ್ಯೇಕವಾಗಿ ಕ್ವಾಂಟೈಲ್ ಭೂಪಟ ಮಾಡಿ ಪಕ್ಕಪಕ್ಕ ಇಟ್ಟರೆ ಈ ಏರಿಕೆ ಕಾಣುವುದೇ ಇಲ್ಲ. ಪರೀಕ್ಷೆಯಲ್ಲಿ ಇಡೀ ತರಗತಿ ಹೆಚ್ಚು ಅಂಕ ತೆಗೆದರೂ ಕೊನೆಯ ರ್‍ಯಾಂಕಿನವನು ಒಬ್ಬ ಇದ್ದೇ ಇರುತ್ತಾನೆ. ಹಾಗೆಯೇ ಕೊನೆಯ ಗುಂಪಿನ ಜಿಲ್ಲೆಗಳಿಗೆ ತೆಳು ಬಣ್ಣ ತಪ್ಪುವುದಿಲ್ಲ. ಆಯಾ ವರ್ಷದ ಕನಿಷ್ಠ, ಗರಿಷ್ಠಗಳಿಂದ ಹೊಸದಾಗಿ ಎಳೆದ ಸಮ ಅಂತರದ ಗೆರೆಗಳಿಗೂ ಇದೇ ಆಕ್ಷೇಪ ಸಲ್ಲುತ್ತದೆ, ಏಕೆಂದರೆ ತಳದ ಅಂಕಿ ಮೇಲೇರಿದಂತೆ ಗೆರೆಯೂ ಮೇಲೇರುತ್ತದೆ. ಎರಡು ವರ್ಷಗಳನ್ನು ಹೋಲಿಸಬೇಕಾದರೆ ಎರಡಕ್ಕೂ ಒಂದೇ ಗೆರೆಗಳು ಬೇಕು, ಕದಲದಂಥವು.

ಮುಂದಿನ ಜನಗಣತಿಯ ಅಂಕಿಗಳು ಬಂದಾಗ ಈ ಪ್ರಶ್ನೆ ಮತ್ತೆ ಏಳುತ್ತದೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ ಜಿಲ್ಲೆಗಳು 31 ಆಗಿವೆ, ಆರಾರರ ಐದು ಗುಂಪು ಇನ್ನು ಕೂಡಿಬರುವುದಿಲ್ಲ, ಒಂದು ಗುಂಪಿಗೆ ಏಳು ಹೋಗಬೇಕು. ಒಂದು ವೇಳೆ ಯಾದಗಿರಿಯ ಸಾಕ್ಷರತೆ 65ಕ್ಕೆ ಮುಟ್ಟಿದ್ದು, ಉಳಿದವೂ ಅದರ ಜೊತೆ ಏರಿದ್ದರೆ, ಕ್ವಾಂಟೈಲ್ ಭೂಪಟದಲ್ಲಿ ಆ ಜಿಲ್ಲೆ ಇದ್ದಲ್ಲೇ, ಇದ್ದ ಬಣ್ಣದಲ್ಲೇ ಇರುತ್ತದೆ. 60, 70, 80ರ ಭೂಪಟದಲ್ಲಿ ಅದು ಒಂದು ಛಾಯೆ ಗಾಢವಾಗುತ್ತದೆ.